ಅಮ್ಮನ ಪಾರ್ಲರ್, ಮೂವರು ಮಕ್ಕಳು, ಅಕ್ಕನ ಹನ್ನೊಂದು ವರ್ಷ

 

ಸಾಮಾನ್ಯವಾಗಿ ನಾನು ಬೇರೆಯವರ ದುಡ್ಡಿನ ಕತೆ ಹೇಳ್ತೀನಿ. ಈ ಸಲ ನಮ್ಮನೇದು. ಹೇಳಬಹುದಾ ಅಂತ ಅಕ್ಕನನ್ನ ಕೇಳಿದೆ. "ಹೇಳು, ಆದ್ರೆ ಲೆಕ್ಕ ಸರಿಯಾಗಿ ಹೇಳು, ನಿನಗೆ ಬೇಕಾದ ಹಾಗೆ ತಿರುಗಿಸಬೇಡ" ಅಂದಳು. ಅದಕ್ಕೆ ಈ ಸ್ಕ್ರಿಪ್ಟನ್ನ ಮೊದಲು ಅವಳಿಗೇ ಕಳಿಸಿ, ಅವಳು ಒಪ್ಪಿದ ಮೇಲೆ ರೆಕಾರ್ಡ್ ಮಾಡ್ತಿದ್ದೀನಿ.

ನಮ್ಮ ಊರು ತಿಪಟೂರು. ಅಮ್ಮ 1999ರಲ್ಲಿ ಮನೆಯ ಮುಂದಿನ ರೂಮಲ್ಲಿ ಒಂದು ಕನ್ನಡಿ, ಒಂದು ಕುರ್ಚಿ ಇಟ್ಟುಕೊಂಡು ಬ್ಯೂಟಿ ಪಾರ್ಲರ್ ಶುರು ಮಾಡಿದ್ದು. ಹುಬ್ಬು ತೀಡೋದು, ಮೆಹಂದಿ, ಮದುವೆ ಹೆಣ್ಣಿನ ಅಲಂಕಾರ, ಇಷ್ಟೇ. 2009ರಲ್ಲಿ ಬ್ಯಾಂಕ್ ಸಾಲ ಮಾಡಿ ಬಿ.ಎಚ್. ರಸ್ತೆ ಹತ್ತಿರ, ಮೊದಲನೇ ಮಹಡಿಯಲ್ಲಿ ಒಂದು ಪುಟ್ಟ ಅಂಗಡಿ ಕೋಣೆ ತಗೊಂಡಳು. ಪತ್ರ ಅಮ್ಮನ ಹೆಸರಲ್ಲಿದೆ, ಸಾಲದ ಕಂತನ್ನೂ ಅವಳೇ ಕಟ್ಟಿ ಮುಗಿಸಿದಳು. ಅಪ್ಪ ಈಗಿಲ್ಲ.

ನಾವು ಮೂವರು ಮಕ್ಕಳು. ಅಕ್ಕ 2014ರಿಂದ ಪೂರ್ತಿ ಪಾರ್ಲರಲ್ಲೇ ಇದ್ದಾಳೆ. ಮದುವೆ ಆದಮೇಲೂ ಅದೇ ಊರು, ಅದೇ ಪಾರ್ಲರ್. ನಾನು ಮಧ್ಯದವನು, ಬಿ.ಕಾಂ. ಮುಗಿಸಿ ಬೆಂಗಳೂರು ಸೇರಿದೆ. ತಂಗಿ ಮದುವೆಯಾಗಿ ಮೈಸೂರಲ್ಲಿದ್ದಾಳೆ.

ಕಳೆದ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. ದಿನಕ್ಕೆ ಎಂಟು ಗಂಟೆ ನಿಂತು ಕೆಲಸ ಮಾಡಿದ ಕಾಲು, ಇನ್ನು ಆಗಲ್ಲ ಅಂತು. ಅವಳು ಆಸ್ಪತ್ರೆಯಲ್ಲಿದ್ದ ಮೂರು ವಾರದಲ್ಲಿ ಒಂದು ವಿಷಯ ನಮಗೆ ಕಣ್ಣಿಗೆ ಹೊಡೆಯೋ ಹಾಗೆ ಗೊತ್ತಾಯ್ತು. ಪಾರ್ಲರ್ ನಡೆಸ್ತಿರೋದು ಅಕ್ಕ, ಆದ್ರೆ ಕಾಗದದಲ್ಲಿ ಅಕ್ಕ ಎಲ್ಲೂ ಇಲ್ಲ. ಕನ್ನಡಿ ಮೇಲೆ ಅಂಟಿಸಿರೋ ಕ್ಯೂಆರ್ ಕೋಡಿಗೆ ಬಂದ ದುಡ್ಡು ಅಮ್ಮನ ಖಾತೆಗೆ ಹೋಗುತ್ತೆ. ಸಾಮಾನು ತರಿಸೋಕೆ ದುಡ್ಡು ಕಳಿಸಬೇಕು ಅಂದ್ರೆ ಓಟಿಪಿ ಅಮ್ಮನ ಫೋನಿಗೆ ಬರುತ್ತೆ, ಫೋನು ಆಸ್ಪತ್ರೆಯ ಮಂಚದ ದಿಂಬಿನ ಕೆಳಗೆ. ಅಕ್ಕ ತನ್ನ ಬಳೆ ಅಡವಿಟ್ಟು ಇಬ್ಬರು ಹುಡುಗಿಯರ ಸಂಬಳ ಕೊಟ್ಟಳು. ನಮಗೆ ಹೇಳಿದ್ದು ಅಮ್ಮ ಮನೆಗೆ ಬಂದಮೇಲೆ.

ಆವಾಗ ಅಮ್ಮ ಅಂದಳು: "ನಾನು ಗಟ್ಟಿಯಾಗಿರುವಾಗಲೇ ಇದನ್ನ ನಿಮಗೆ ಹಂಚಿಬಿಡ್ತೀನಿ. ಮೂರು ಜನಕ್ಕೂ ಸಮ."

ಸಮ ಅಂದ್ರೆ ಏನು? ಈ ಎಪಿಸೋಡ್ ಪೂರ್ತಿ ಆ ಒಂದು ಪದದ ಬಗ್ಗೆ.

ನನ್ನ ಮೊದಲ ಐಡಿಯಾ ನಾನು ಬಹಳ ಹೆಮ್ಮೆಯಿಂದ ಮಂಡಿಸಿದ್ದು. ಕಾಮರ್ಸ್ ಓದಿದವನಲ್ವಾ. "ಮೂವರೂ ಪಾಲುದಾರರಾಗೋಣ, ಲಾಭದಲ್ಲಿ ಮೂರನೇ ಒಂದು ಭಾಗ ಒಬ್ಬೊಬ್ಬರಿಗೆ, ಅಕ್ಕ ನಡೆಸಿಕೊಂಡು ಹೋಗಲಿ." ಅಮ್ಮನಿಗೆ ಖುಷಿ ಆಯ್ತು. ತಂಗಿ ಹೂಂ ಅಂದಳು. ಅಕ್ಕ ಏನೂ ಹೇಳಲಿಲ್ಲ, ಎದ್ದು ಹೋಗಿ ಕುಕ್ಕರ್ ಇಟ್ಟಳು.

ಆ ರಾತ್ರಿ ನಾನು ಕಾಲೇಜಲ್ಲಿ ಪರೀಕ್ಷೆಗೆ ಅಂತ ಮಾತ್ರ ಓದಿದ್ದ 1932ರ ಪಾಲುದಾರಿಕೆ ಕಾಯ್ದೆಯನ್ನ ಮತ್ತೆ ತೆಗೆದು ಓದಿದೆ. ಅದರ 13ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ನೀವು ಬೇರೆ ರೀತಿ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ, ಪಾಲುದಾರರು ಲಾಭವನ್ನ ಸಮವಾಗಿ ಹಂಚಿಕೊಳ್ತಾರೆ. ಮತ್ತು ವ್ಯಾಪಾರ ನಡೆಸೋ ಪಾಲುದಾರನಿಗೆ ಅದಕ್ಕಾಗಿ ಸಂಬಳ ಕೇಳೋ ಹಕ್ಕಿಲ್ಲ. ಅಂದ್ರೆ ಅಕ್ಕ ವಾರಕ್ಕೆ ಆರು ದಿನ ನಿಂತು ಫೇಶಿಯಲ್ ಮಾಡಬೇಕು, ನಾನು ಬೆಂಗಳೂರಲ್ಲಿ ಮೈಕ್ ಮುಂದೆ ಕೂತು ಅಷ್ಟೇ ದುಡ್ಡು ತಗೋಬಹುದು. ನಾನು ಮಂಡಿಸಿದ್ದ "ಸಮ" ಇದು.

ಸಂಬಳ ಕೊಡ್ತೀವಿ ಅಂತ ಪಾಲುದಾರಿಕೆ ಪತ್ರದಲ್ಲಿ ಬರೆಸಬಹುದು, ನಿಜ. ಆದ್ರೆ ಇನ್ನೂ ಎರಡು ತೊಂದರೆ ಇವೆ. ಅವಧಿ ನಿಗದಿ ಮಾಡದ ಪಾಲುದಾರಿಕೆಯನ್ನ ಒಬ್ಬ ಪಾಲುದಾರ ಲಿಖಿತ ನೋಟಿಸ್ ಕೊಟ್ಟು ವಿಸರ್ಜನೆ ಮಾಡಬಹುದು. ನನಗೆ ಯಾವತ್ತೋ ದುಡ್ಡಿನ ಅಡಚಣೆ ಬಂದು ಒಂದು ಕಾಗದ ಕಳಿಸಿದರೆ ಅಕ್ಕನ ಜೀವನೋಪಾಯ ಅಲ್ಲಾಡುತ್ತೆ. ಇನ್ನೊಂದು, ಉಲ್ಟಾ ಕಡೆಯಿಂದ: ಪಾರ್ಲರ್ ಸಾಲ ಮಾಡಿದರೆ ಅದಕ್ಕೆ ಪ್ರತಿ ಪಾಲುದಾರನೂ ಸ್ವಂತ ಆಸ್ತಿಯ ಮಟ್ಟಿಗೆ ಹೊಣೆ. ಮೈಸೂರಲ್ಲಿರೋ ತಂಗಿಗೆ ತಿಪಟೂರಿನ ಪಾರ್ಲರ್ ಸಾಲದ ಹೊಣೆ ಯಾಕೆ?

ಹಾಗಾದ್ರೆ ಏನೂ ಮಾಡದೆ ಬಿಟ್ಟರೆ? ವಿಲ್ ಇಲ್ಲದೆ ಅಮ್ಮ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವಳದೆಲ್ಲ ನಮ್ಮ ಮೂವರಿಗೂ ಸಮವಾಗಿ ಬರುತ್ತೆ. ಅಪ್ಪ ಇದ್ದಿದ್ದರೆ ಅವರಿಗೂ ಒಂದು ಪಾಲು. ಮಗ, ಮಗಳು, ಮದುವೆಯಾದ ಮಗಳು ಅನ್ನೋ ಭೇದ ಇಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ನಿಯಮ ಬೇರೆ, ಅದನ್ನ ಅವರವರು ವಕೀಲರ ಹತ್ತಿರ ಕೇಳಿಕೊಳ್ಳಿ. ಆದ್ರೆ ಗಮನಿಸಿ, ಕಾನೂನು ಮಾಡೋ ಆ ಸಮಪಾಲಲ್ಲಿ ಅಕ್ಕನ ಹನ್ನೊಂದು ವರ್ಷದ ದುಡಿಮೆಗೆ ಒಂದು ಸಾಲೂ ಇಲ್ಲ. ಕೋಣೆ, ಕುರ್ಚಿ, ಗಿರಾಕಿ ಎಲ್ಲಾ ಒಂದೇ ಗಂಟು.

ನಮಗೆ ದಾರಿ ಸಿಕ್ಕಿದ್ದು ಆ ಗಂಟು ಬಿಚ್ಚಿದಾಗ. ಪಾರ್ಲರ್ ಅಂತ ನಾವು ಒಂದೇ ಪದದಲ್ಲಿ ಕರೆಯೋದರ ಒಳಗೆ ಮೂರು ಬೇರೆ ಬೇರೆ ವಸ್ತು ಇವೆ. ಒಂದು ಕೋಣೆ, ಅಂದ್ರೆ ಆಸ್ತಿ. ಎರಡನೇದು ವ್ಯಾಪಾರ, ಅಂದ್ರೆ ಕುರ್ಚಿ, ಮಷೀನು, ಸಾಮಾನು, ಹೆಸರು, ಗಿರಾಕಿ. ಮೂರನೇದು ದುಡಿಮೆ. ಆಗಿಹೋದ ದುಡಿಮೆ ಮತ್ತು ಮುಂದೆ ಆಗೋ ದುಡಿಮೆ. ಈ ಮೂರಕ್ಕೂ ಒಂದೇ ತಕ್ಕಡಿ ಹಿಡಿದರೆ ಯಾರಿಗಾದರೂ ಮೋಸ ಆಗೇ ಆಗುತ್ತೆ.

ಮೊದಲು ನಿಜವಾದ ಲಾಭ ಎಷ್ಟು ಅಂತ ನೋಡಿದ್ವಿ. ಅಮ್ಮನ ಹತ್ತಿರ ಲೆಕ್ಕದ ಪುಸ್ತಕ ಇರಲಿಲ್ಲ, ಕ್ಯಾಲೆಂಡರ್ ಹಿಂದೆ ಬರೆದಿರೋ ಅಂಕಿ ಇತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕ್ಯಾಲೆಂಡರ್ ಎರಡನ್ನೂ ಸೇರಿಸಿ ಒಂದು ವರ್ಷದ ಸರಾಸರಿ ತೆಗೆದೆ. ಮದುವೆ ಸೀಸನ್ ಒಂದನ್ನೇ ನೋಡಿದ್ರೆ ಲಾಭ ಜಾಸ್ತಿ ಕಾಣುತ್ತೆ, ಆಷಾಢ ಒಂದನ್ನೇ ನೋಡಿದ್ರೆ ಬಾಗಿಲು ಹಾಕೋಣ ಅನ್ನಿಸುತ್ತೆ. ಅದಕ್ಕೇ ಹನ್ನೆರಡೂ ತಿಂಗಳು ಬೇಕು.

ತಿಂಗಳಿಗೆ ಸರಾಸರಿ ಬರೋದು 1,35,000. ಇಬ್ಬರು ಹುಡುಗಿಯರ ಸಂಬಳ, ಕ್ರೀಮು ಶಾಂಪೂ ಬಣ್ಣ, ಕರೆಂಟು, ಬಟ್ಟೆ ಒಗೆಸೋದು, ರಿಪೇರಿ ಎಲ್ಲಾ ಸೇರಿ ಖರ್ಚು 65,000. ಉಳಿಯೋದು 70,000. ಇದನ್ನ ನೋಡಿ ನನ್ನ ಬಾಯಲ್ಲೂ ನೀರು ಬಂತು, ಸುಳ್ಳು ಹೇಳಲ್ಲ. ಮೂರನೇ ಒಂದು ಭಾಗ ಅಂದ್ರೆ 23,000 ಚಿಲ್ಲರೆ. ಮನೆ ಬಾಡಿಗೆ ಬಂತಲ್ಲ ಅಂತ.

ಆದ್ರೆ ಈ ಖರ್ಚಲ್ಲಿ ಮೂರು ಹೆಸರು ಬಿಟ್ಟುಹೋಗಿವೆ. ಅಕ್ಕನ ಸಂಬಳ ಇಲ್ಲ. ಅಮ್ಮ ಅರ್ಧ ದಿನ ಕೂರೋದಕ್ಕೆ ಸಂಬಳ ಇಲ್ಲ. ಕೋಣೆ ಸ್ವಂತದ್ದು ಅಂತ ಬಾಡಿಗೆ ಇಲ್ಲ. ಇವತ್ತು ಅಕ್ಕ ಬಿಟ್ಟರೆ, ಅವಳ ಜಾಗಕ್ಕೆ ಪಾರ್ಲರ್ ನಡೆಸೋಷ್ಟು ಕೆಲಸ ಬಲ್ಲ ಒಬ್ಬರನ್ನ ಇಡಬೇಕಾದ್ರೆ ಎಷ್ಟು ಕೊಡಬೇಕು? ನಮ್ಮೂರಲ್ಲಿ ವಿಚಾರಿಸಿದಾಗ 25,000 ಅಂದರು. ಅಮ್ಮನ ಅರ್ಧ ದಿನಕ್ಕೆ 10,000. ಅದೇ ಕಟ್ಟಡದಲ್ಲಿ ಅಂಥದೇ ಪಕ್ಕದ ಕೋಣೆಯ ಬಾಡಿಗೆ 12,000. ಒಟ್ಟು 47,000. 70,000ದಿಂದ ಅದನ್ನ ಕಳೆದರೆ ಉಳಿಯೋದು 23,000.

ವ್ಯಾಪಾರದ ನಿಜವಾದ ಲಾಭ ಇದು. ಮೂವರು ಹಂಚಿಕೋಬೇಕು ಅಂದಿದ್ದರೂ ಹಂಚಿಕೋಬೇಕಾಗಿದ್ದು 23,000ವನ್ನ, 70,000ವನ್ನಲ್ಲ. ಮನೆಯ ಅಂಗಡಿಗಳಲ್ಲಿ ಜಗಳ ಹುಟ್ಟೋದು ಬಹಳ ಸಲ ಈ ಎರಡು ಅಂಕಿಗಳ ನಡುವೆ. ಹೊರಗಿರೋ ಮಕ್ಕಳಿಗೆ ಮೊದಲನೇದು ಕಾಣುತ್ತೆ, ಒಳಗೆ ನಿಂತು ದುಡಿಯೋರಿಗೆ ಎರಡನೇದು ಗೊತ್ತಿರುತ್ತೆ.

ಇನ್ನು ವ್ಯಾಪಾರಕ್ಕೆ ಬೆಲೆ ಕಟ್ಟೋದು. ಕುರ್ಚಿ, ಫೇಶಿಯಲ್ ಮಂಚ, ಸ್ಟೀಮರ್, ತಲೆ ತೊಳೆಯೋ ಬೇಸಿನ್, ಎಸಿ, ಇವನ್ನೆಲ್ಲ ಕೊಂಡ ಬೆಲೆಗೆ ಹಾಕಬಾರದು. ಇವತ್ತು ಮಾರಿದರೆ ಎಷ್ಟು ಬರುತ್ತೆ ಅನ್ನೋದೇ ಬೆಲೆ. ಹೊಸದಾಗಿ ಪಾರ್ಲರ್ ಹಾಕ್ತಿದ್ದ ಒಬ್ಬರಿಗೆ ತೋರಿಸಿ ಕೇಳಿದ್ವಿ, 2,20,000 ಅಂದರು. ಕಪಾಟಲ್ಲಿರೋ ಸಾಮಾನು 60,000. ಇದರಿಂದ ಕೊಡಬೇಕಾಗಿರೋದನ್ನ ಕಳೀಬೇಕು. ಸಾಮಾನು ಸಪ್ಲೈ ಮಾಡೋರ ಬಾಕಿ 22,000 ಇತ್ತು. ಇನ್ನೊಂದು ನಾನು ಮರೆತೇಬಿಟ್ಟಿದ್ದೆ, ಅಕ್ಕ ನೆನಪಿಸಿದಳು. ಮುಂದಿನ ಮುಹೂರ್ತಗಳಿಗೆ ಮದುವೆ ಮನೆಯವರಿಂದ ತಗೊಂಡಿರೋ ಅಡ್ವಾನ್ಸ್, 38,000. ಆ ದುಡ್ಡು ಅಮ್ಮನ ಖಾತೆಗೆ ಬಂದು ಖರ್ಚಾಗಿದೆ, ಆದ್ರೆ ಹೋಗಿ ಅಲಂಕಾರ ಮಾಡಬೇಕಾಗಿರೋದು ಅಕ್ಕ. ಅದು ಸಾಲವೇ. ಎರಡೂ ಸೇರಿ 60,000 ಕಳೆದರೆ, 2,20,000 ಉಳೀತು.

ಮುಂದಿನದು ಹೆಸರಿನ ಬೆಲೆ. ಬಿ.ಕಾಂ. ಮಾಡಿದೋರಿಗೆ ನೆನಪಿರಬಹುದು, ಗುಡ್‌ವಿಲ್. ಒಂದು ಸರಳ ವಿಧಾನ ಅಂದ್ರೆ ನಿಜವಾದ ವಾರ್ಷಿಕ ಲಾಭವನ್ನ ಇಷ್ಟು ವರ್ಷ ಅಂತ ಗುಣಿಸೋದು. ಸಣ್ಣ ವ್ಯಾಪಾರ, ಕೈಕೆಲಸದ ಮೇಲೆ ನಿಂತಿರೋದು ಅಂತ ನಾವು ಎರಡೇ ವರ್ಷ ಹಿಡಿದ್ವಿ. 23,000ವನ್ನ 24 ತಿಂಗಳಿಂದ ಗುಣಿಸಿದ್ರೆ 5,52,000.

ಇಲ್ಲಿ ಅಕ್ಕ ಮೊದಲ ಸಲ ಬಾಯಿಬಿಟ್ಟಳು. "ಅಲ್ವೋ, ಗಿರಾಕಿ ಬರೋದು ಬೋರ್ಡ್ ನೋಡ್ಕೊಂಡಾ, ನನ್ನ ಕೈ ನೋಡ್ಕೊಂಡಾ? ನನ್ನ ಕೈನ ನನಗೇ ಮಾರ್ತೀರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ಒಂದು ತಿಂಗಳು ಲೆಕ್ಕ ಇಟ್ವಿ. ಬರೀ ಹುಬ್ಬು ತೀಡಿಸಿಕೊಂಡು ಹೋಗೋರನ್ನ ಬಿಟ್ಟು, ಉಳಿದ ಪ್ರತಿ ಬಿಲ್ಲಿನ ಮುಂದೆ ಯಾರನ್ನ ಕೇಳಿಕೊಂಡು ಬಂದರು ಅಂತ ಒಂದು ಅಕ್ಷರ. ಬಿಲ್ಲು ಬರೆಯೋ ಹುಡುಗಿಯೇ ಗುರುತು ಹಾಕಿದಳು, ಅಕ್ಕ ಮುಟ್ಟಲಿಲ್ಲ. ತಿಂಗಳ ಕೊನೆಗೆ 300 ಬಿಲ್ಲಿತ್ತು. ಅದರಲ್ಲಿ 180 ಜನ ಅಕ್ಕನೇ ಬೇಕು ಅಂದೋರು. ಉಳಿದ 120ರಲ್ಲಿ ಅಮ್ಮನ ಹಳೇ ಗಿರಾಕಿಗಳು, ದಾರೀಲಿ ಬೋರ್ಡ್ ನೋಡಿ ಹತ್ತಿ ಬಂದೋರು, ಯಾರಾದ್ರೂ ಪರವಾಗಿಲ್ಲ ಅಂದೋರು.

ಅಂದ್ರೆ ನಾಳೆ ಅಕ್ಕ ಎದುರುಗಡೆ ಕಟ್ಟಡದಲ್ಲಿ ಸ್ವಂತ ಪಾರ್ಲರ್ ಹಾಕಿದರೆ ನೂರಕ್ಕೆ 60 ಜನ ರಸ್ತೆ ದಾಟಿ ಹೋಗ್ತಾರೆ. ಆ 60 ಭಾಗ ಅಮ್ಮನದ್ದಲ್ಲ, ಅದನ್ನ ಅಮ್ಮ ಹಂಚೋಕೆ ಬರಲ್ಲ. ಅಮ್ಮ ಕಟ್ಟಿದ ಹೆಸರು ಅಂತ ಹಂಚಬಹುದಾದ್ದು 40 ಭಾಗ. 5,52,000ದಲ್ಲಿ 40 ಭಾಗ ಅಂದ್ರೆ ಸುಮಾರು 2,20,000. ವಸ್ತುಗಳ 2,20,000 ಸೇರಿಸಿದರೆ ವ್ಯಾಪಾರದ ಒಟ್ಟು ಬೆಲೆ 4,40,000.

ಒಂದು ತಿಂಗಳ ಲೆಕ್ಕ ಅಂದಾಜೇ, ಒಪ್ತೀನಿ. ಮದುವೆ ಸೀಸನ್ನಲ್ಲಿ ಮಾಡಿದ್ದರೆ ಅಕ್ಕನ ಪಾಲು ಇನ್ನೂ ಜಾಸ್ತಿ ಬರ್ತಿತ್ತು. ಆದ್ರೆ ಸೋಫಾ ಮೇಲೆ ಕೂತು "ಎಲ್ಲಾ ನನ್ನಿಂದಾನೇ", "ಎಲ್ಲಾ ಅಮ್ಮನ ಹೆಸರಿಂದಾನೇ" ಅಂತ ಜಗಳ ಆಡೋದಕ್ಕಿಂತ ಇದು ವಾಸಿ.

ಈಗ ಆಗಿಹೋದ ದುಡಿಮೆ. ಅಕ್ಕನಿಗೆ ಅಮ್ಮ ತಿಂಗಳಿಗೆ ಇಷ್ಟು ಅಂತ ಕೈಖರ್ಚಿಗೆ ಕೊಡ್ತಿದ್ದಳು. ಮೊದಲ ನಾಲ್ಕು ವರ್ಷ ಅವಳು ಕಲಿಯುತ್ತಿದ್ದಳು, ಕೋರ್ಸಿನ ಫೀಜು ಅಮ್ಮ ಕಟ್ಟಿದ್ದಳು. ಆ ವರ್ಷಗಳಿಗೆ ಬಾಕಿ ಇಲ್ಲ ಅಂತ ಅಕ್ಕನೇ ಅಂದಳು. ಆಮೇಲಿನ ನಾಲ್ಕು ವರ್ಷ, ಹೊರಗೆ ಅದೇ ಕೆಲಸಕ್ಕೆ ಸಿಗ್ತಿದ್ದ ಸಂಬಳಕ್ಕಿಂತ ತಿಂಗಳಿಗೆ ಸುಮಾರು 5,000 ಕಡಿಮೆ. ಅದು 2,40,000. ಕೊನೆಯ ಮೂರು ವರ್ಷ, ತಿಂಗಳಿಗೆ 12,000 ಕಡಿಮೆ. ಅದು 4,32,000. ಒಟ್ಟು 6,72,000.

ನೋಡಿ ಈಗ. ವ್ಯಾಪಾರದ ಬೆಲೆ 4,40,000. ವ್ಯಾಪಾರ ಅಕ್ಕನಿಗೆ ಕೊಡಬೇಕಾಗಿರೋದು 6,72,000. ನಾನು ಮೂರನೇ ಒಂದು ಪಾಲು ಕೇಳೋಣ ಅಂತ ಹೋದವನು, ಲೆಕ್ಕ ಮುಗಿದಾಗ ವ್ಯಾಪಾರದಲ್ಲಿ ನನಗೆ ಬರೋದು ಸೊನ್ನೆ. ಆ ಲೆಕ್ಕ ಹಾಕಿದವನೂ ನಾನೇ. ಎಕ್ಸೆಲ್ ಶೀಟನ್ನ ಎರಡು ಸಲ ಪರೀಕ್ಷೆ ಮಾಡಿದೆ, ತಪ್ಪು ಸಿಗುತ್ತೇನೋ ಅಂತ. ಸಿಗಲಿಲ್ಲ.

ಉಳಿದ 2,32,000ವನ್ನ ಅಕ್ಕ ಬಿಟ್ಟುಕೊಟ್ಟಳು. "ಅದು ಬೇಡ. ನಾಳೆಯಿಂದ ಪಾರ್ಲರ್ ನನ್ನದು ಅಂತ ಕಾಗದದಲ್ಲಿ ಇರಲಿ, ಸಾಕು" ಅಂದಳು.

ಆಗ ತಂಗಿ ಒಂದು ಮಾತು ಕೇಳಿದಳು. ಅವಳ ಮದುವೆಗೆ ಜಾಸ್ತಿ ಖರ್ಚಾಗಿತ್ತು. ನಮ್ಮ ಸೋದರಮಾವ ಹಿಂದಿನ ದಿನವಷ್ಟೇ ಫೋನಲ್ಲಿ, "ಅವಳಿಗೆ ಮದುವೆಯಲ್ಲೇ ಕೊಟ್ಟಾಯ್ತಲ್ಲ, ಕೋಣೆ ಗಂಡು ಮಗನ ಹೆಸರಿಗೆ ಮಾಡಿಬಿಡು" ಅಂತ ಅಮ್ಮನಿಗೆ ಹೇಳಿದ್ದರು. ತಂಗಿಗೆ ಅದು ಹೇಗೋ ಮುಟ್ಟಿತ್ತು. "ಅಮ್ಮಾ, ನನ್ನ ಮದುವೆ ಊಟದ ಖರ್ಚನ್ನ ನನ್ನ ಪಾಲಲ್ಲಿ ಹಿಡೀತೀಯಾ? ಹಾಗಾದ್ರೆ ಅಣ್ಣನ ಕಾಲೇಜ್ ಫೀಜು, ಹಾಸ್ಟೆಲ್ಲು?"

ಕಾನೂನಲ್ಲಿ ಮದುವೆ ಖರ್ಚು ಪಾಲಾಗಲ್ಲ. ಮದುವೆ ಮಾಡಿಕೊಟ್ಟರು ಅಂತ ಮಗಳ ಹಕ್ಕು ತೀರಿಹೋಗಲ್ಲ. ಆದ್ರೆ ಅಮ್ಮ ದುಡಿದು ಕೊಂಡ ಕೋಣೆ ಇದು, ಅವಳು ಇರುವಾಗ ಯಾರಿಗೆ ಬೇಕಾದ್ರೂ ಕೊಡಬಹುದು, ಅವಳ ಇಷ್ಟ. ಹಾಗಾಗಿ ಇದು ನಾವೇ ತೀರ್ಮಾನ ಮಾಡಬೇಕಾದ ವಿಷಯ ಆಗಿತ್ತು. ನಾವು ಒಂದು ಗೆರೆ ಹಾಕಿಕೊಂಡ್ವಿ: ಪಾರ್ಲರಿನ ಒಳಗೆ ಹಾಕಿದ ದುಡ್ಡು, ದುಡಿಮೆ ಮಾತ್ರ ಲೆಕ್ಕಕ್ಕೆ. ಮದುವೆ, ಓದು, ಬಾಣಂತನ, ಆಸ್ಪತ್ರೆ ಇವೆಲ್ಲ ತಾಯಿ ಮಕ್ಕಳಿಗೆ ಮಾಡಿದ್ದು, ಅದನ್ನ ತೆರೆಯೋದು ಬೇಡ. ಆ ಪುಸ್ತಕ ತೆರೆದರೆ ಮುಚ್ಚೋಕೆ ಆಗಲ್ಲ, ಯಾಕಂದ್ರೆ ಅದಕ್ಕೆ ರಸೀದಿ ಯಾರ ಹತ್ತಿರಾನೂ ಇಲ್ಲ.

ಇನ್ನು ಕೋಣೆ. ಇವತ್ತಿನ ಬೆಲೆ ಸುಮಾರು 24 ಲಕ್ಷ. ಅಮ್ಮನಿಗೆ ಅದನ್ನ ಈಗಲೇ ಮೂವರ ಹೆಸರಿಗೆ ದಾನಪತ್ರ ಮಾಡಿಬಿಡೋ ಆಸೆ ಇತ್ತು. ಮಕ್ಕಳಿಗೆ ಮಾಡೋ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕಡಿಮೆ. ತಂದೆ ತಾಯಿಯಿಂದ ಬಂದ ಉಡುಗೊರೆಗೆ ಆದಾಯ ತೆರಿಗೆಯೂ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದ್ರೆ ನೋಂದಣಿ ಆದ ದಾನಪತ್ರವನ್ನ ಮನಸ್ಸು ಬದಲಾಯ್ತು ಅಂತ ಅಮ್ಮ ವಾಪಸ್ ತಗೊಳ್ಳೋಕೆ ಬರಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನನ್ನನ್ನ ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟಿದ್ದು, ಮಕ್ಕಳು ನೋಡಿಕೊಳ್ಳದಿದ್ದರೆ, ಅದನ್ನ ರದ್ದು ಮಾಡಿಸಬಹುದು. ಅದಕ್ಕೆ ದಾನಪತ್ರ ಮಾಡೋದೇ ಆದ್ರೆ ಆ ಷರತ್ತನ್ನ ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಪ್ರೀತಿಯಿಂದ ಕೊಟ್ಟಿದ್ದೇನೆ ಅಂತಷ್ಟೇ ಬರೆದು, ಆಮೇಲೆ ಕಚೇರಿ ಮೆಟ್ಟಿಲು ಹತ್ತೋ ಅಪ್ಪ ಅಮ್ಮಂದಿರಿಗೆ ಆ ಷರತ್ತು ಇತ್ತು ಅಂತ ತೋರಿಸೋದೇ ಕಷ್ಟ ಆಗುತ್ತೆ.

ಅಮ್ಮನಿಗೆ 61 ವರ್ಷ. ಪಿಂಚಣಿ ಇಲ್ಲ. ಕೋಣೆ ಕೊಟ್ಟುಬಿಟ್ಟರೆ ಅವಳು ತರಕಾರಿಗೂ ನಮ್ಮ ಕೈ ನೋಡಬೇಕು. ಹಾಗಾಗಿ ಕೋಣೆ ಅವಳ ಹೆಸರಲ್ಲೇ ಉಳೀತು. ಅಕ್ಕ ತಿಂಗಳಿಗೆ 12,000 ಬಾಡಿಗೆ ಕೊಡ್ತಾಳೆ, ಅದೇ ಅಮ್ಮನ ಪಿಂಚಣಿ. ಐದು ವರ್ಷಕ್ಕೆ ಕರಾರು ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ವಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಎಲ್ಲರೂ ಮಾಡೋ ಹಾಗೆ 11 ತಿಂಗಳಿನದು ಮಾಡಿದ್ದರೆ, ಅಮ್ಮನ ನಂತರ ನಾನೋ ತಂಗಿಯೋ ಅಕ್ಕನನ್ನ ಬಿಡಿಸೋದು ಸುಲಭ ಆಗ್ತಿತ್ತು. ಅಕ್ಕ ಇಷ್ಟು ವರ್ಷ ಬದುಕಿದ್ದೇ ಆ ಭಯದಲ್ಲಿ ಅಂತ ನನಗೆ ಗೊತ್ತಾಗಿದ್ದು ಅವತ್ತು ಕಚೇರಿಯ ಬೆಂಚಲ್ಲಿ ಕೂತಾಗ.

ಅಮ್ಮನ ನಂತರ ಕೋಣೆ ಮೂವರಿಗೂ ಸಮ, ಅಂತ ವಿಲ್ ಆಯ್ತು. ಅದರಲ್ಲಿ ಇನ್ನೊಂದು ಸಾಲು ಇದೆ: ಉಳಿದಿಬ್ಬರ ಪಾಲನ್ನ ಕೊಂಡುಕೊಳ್ಳೋ ಮೊದಲ ಅವಕಾಶ ಅಕ್ಕನಿಗೆ. ಯಾವ ಬೆಲೆಗೆ ಅನ್ನೋದನ್ನೂ ಬರೆಸಿದ್ವಿ. ಆವತ್ತಿನ ಮಾರುಕಟ್ಟೆ ಬೆಲೆ, ಇಬ್ಬರು ಬೇರೆ ಬೇರೆ ಮೌಲ್ಯಮಾಪಕರು ಹೇಳಿದ್ದರ ಸರಾಸರಿ. ಬರೀ ನ್ಯಾಯವಾದ ಬೆಲೆಗೆ ಅಂತ ಬರೆದರೆ, ಕೊಳ್ಳೋರು ಸರ್ಕಾರದ ಮಾರ್ಗಸೂಚಿ ಬೆಲೆ ಹಿಡಿದುಕೊಂಡು ಬರ್ತಾರೆ, ಮಾರೋರು ಬ್ರೋಕರ್ ಹೇಳಿದ ಬೆಲೆ ಹಿಡಿದುಕೊಂಡು ಬರ್ತಾರೆ. ವಿಲ್ಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೇಬೇಕು. ನೋಂದಣಿ ಕಡ್ಡಾಯ ಅಲ್ಲ, ನಾವು ಮಾಡಿಸಿದ್ವಿ. ಅಮ್ಮ ಬಯಸಿದರೆ ಇದನ್ನ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಅದು ಅಮ್ಮನ ಪಾಲಿಗೆ ರಕ್ಷಣೆ, ನಮ್ಮ ಪಾಲಿಗೆ ಅನಿಶ್ಚಿತತೆ. ಅದನ್ನ ಮೂವರೂ ತಿಳಿದೇ ಒಪ್ಪಿಕೊಂಡ್ವಿ.

ವ್ಯಾಪಾರ ವರ್ಗಾವಣೆಗೆ ಒಂದು ಪತ್ರ ಆಯ್ತು. ಯಾವ ಯಾವ ವಸ್ತು, ಯಾವ ಬಾಕಿ, ಯಾವ ಅಡ್ವಾನ್ಸ್, ಅಕ್ಕನ ದುಡಿಮೆಯ ಬಾಕಿ ಇದರಲ್ಲಿ ತೀರಿತು ಅನ್ನೋ ಮಾತು, ಕೆಳಗೆ ನಮ್ಮೆಲ್ಲರ ಸಹಿ. ಅಮ್ಮನದು ಒಬ್ಬರ ಒಡೆತನದ ವ್ಯಾಪಾರ ಆಗಿದ್ದರಿಂದ, ಪರವಾನಗಿಗಳು ಮಗಳಿಗೆ ತಾನಾಗಿ ಬರಲ್ಲ. ನಗರಸಭೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಬ್ಯಾಂಕಿನ ಚಾಲ್ತಿ ಖಾತೆ, ಎಲ್ಲಾ ಅಕ್ಕನ ಹೆಸರಲ್ಲಿ ಹೊಸದಾಗಿ ಆಯ್ತು. ಜಿಎಸ್‌ಟಿ ನೋಂದಣಿ ನಮಗಿರಲಿಲ್ಲ, ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿರಲಿಲ್ಲ. ಇದ್ದೋರು ನೆನಪಿಡಿ, ಅದು ಪ್ಯಾನಿಗೆ ಅಂಟಿರುತ್ತೆ, ಹೊಸ ಒಡೆಯರು ಹೊಸದೇ ಮಾಡಿಸಬೇಕು.

ಇಷ್ಟೆಲ್ಲಾ ಮಾಡಿ ನಾವು ಒಂದು ತಪ್ಪು ಮಾಡಿದ್ವಿ. ಕನ್ನಡಿ ಮೇಲಿನ ಹಳೇ ಕ್ಯೂಆರ್ ಕೋಡ್ ಕಿತ್ತು ಹಾಕಿದ್ವಿ. ಆದ್ರೆ ಮದುವೆ ಬುಕಿಂಗಿಗೆ ವಾಟ್ಸಾಪಲ್ಲಿ ಕಳಿಸೋ ಫೋಟೋದಲ್ಲಿದ್ದ ಹಳೇ ಕೋಡ್ ಹಾಗೇ ಇತ್ತು. ಎರಡು ತಿಂಗಳು ಅಡ್ವಾನ್ಸ್ ಎಲ್ಲಾ ಅಮ್ಮನ ಖಾತೆಗೆ ಹೋಗ್ತಿತ್ತು. ಅಕ್ಕ ಸುಮ್ಮನೆ ಒಂದು ಚೀಟಿಯಲ್ಲಿ ಬರೆದುಕೊಳ್ತಿದ್ದಳು. ಗೊತ್ತಾಗಿದ್ದು ಹೇಗೆ ಅಂದ್ರೆ, ಬುಕಿಂಗ್ ಪುಸ್ತಕದಲ್ಲಿ ಆರು ಮದುವೆ, ಅಕ್ಕನ ಖಾತೆಯಲ್ಲಿ ಎರಡೇ ಅಡ್ವಾನ್ಸ್. ನಿಮ್ಮನೇಲಿ ಹೀಗೊಂದು ಹಸ್ತಾಂತರ ಆದ್ರೆ, ಮೊದಲ ತಿಂಗಳೇ ಪುಸ್ತಕ ಮತ್ತು ಖಾತೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾರ್ಲರಿನ ಫೋನ್ ನಂಬರ್ ಸಿಮ್ ಯಾರ ಹೆಸರಲ್ಲಿದೆ ಅಂತಾನೂ ನೋಡಿ. ಇಪ್ಪತ್ತು ವರ್ಷದ ಗಿರಾಕಿಗಳು ಇರೋದು ಆ ನಂಬರಲ್ಲಿ.

ಈಗ ಅಕ್ಕನ ಕೈಗೆ ತಿಂಗಳ ಕೊನೆಗೆ ಎಷ್ಟು ಉಳಿಯುತ್ತೆ? ಬಾಡಿಗೆ ಕೊಟ್ಟು, ಅಮ್ಮನ ಜಾಗಕ್ಕೆ ಒಬ್ಬ ಹುಡುಗಿಯನ್ನ ಅರ್ಧ ದಿನಕ್ಕೆ ಇಟ್ಟು, 48,000 ಸುಮಾರು. ಅದರಲ್ಲಿ 25,000 ಅವಳ ಸಂಬಳ, ಉಳಿದದ್ದು ಲಾಭ. ನಷ್ಟ ಆದ್ರೂ ಅವಳದೇ.

ನನಗೆ, ತಂಗಿಗೆ ಈಗ ಏನೂ ಬಂದಿಲ್ಲ. ಮುಂದೆ ಯಾವತ್ತೋ ಕೋಣೆಯಲ್ಲಿ ಮೂರನೇ ಒಂದು ಪಾಲು, ಇವತ್ತಿನ ಬೆಲೆಯಲ್ಲಿ ತಲಾ 8 ಲಕ್ಷ. ಆ ದಿನ ಬೇಗ ಬರಲಿ ಅಂತ ಯಾವ ಮಗನೂ ಕಾಯಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಅಮ್ಮ ಕೋಲು ಹಿಡ್ಕೊಂಡು ಪಾರ್ಲರಿಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಅಭ್ಯಾಸ. ಯಾರೋ ಹಳೇ ಗಿರಾಕಿ ಬಂದು, "ಏನಮ್ಮಾ, ಫೇಶಿಯಲ್ಲಿಗೆ ಈಗ ಎಷ್ಟು?" ಅಂತ ಕೇಳಿದರು. ಅಮ್ಮ ಬಾಯಿ ತೆರೆದವಳು ಹಾಗೇ ನಿಲ್ಲಿಸಿ, ಅಕ್ಕನ ಕಡೆ ಕೈ ತೋರಿಸಿದಳು.

"ಅವಳನ್ನ ಕೇಳಿ. ಅಂಗಡಿ ಅವಳದು."

ಅಕ್ಕ ತಲೆ ಎತ್ತಲಿಲ್ಲ, ಯಾರದೋ ಹುಬ್ಬು ತೀಡ್ತಿದ್ದಳು. ದಾರ ಹಲ್ಲಲ್ಲಿ ಕಚ್ಚಿಕೊಂಡೇ ರೇಟ್ ಹೇಳಿದಳು.

ನಿಮ್ಮನೇಲೂ ಇಂಥ ಲೆಕ್ಕ ಬಾಕಿ ಇದ್ರೆ ಬರೆದು ಕಳಿಸಿ. ಹೆಸರು ಬೇಡ, ಊರೂ ಬೇಡ, ಅಂಕಿ ಸಾಕು. ಮುಂದಿನ ಎಪಿಸೋಡಲ್ಲಿ ಸಿಗೋಣ.